ಉದ್ಯೋಗ ವಿಚಾರ: ಟೆಸ್ಟರ್ ಹುದ್ದೆಗೆ ಸಿದ್ಧವಾದ ಒಂದು ಸ್ವವಿವರ ಪತ್ರ



ಹಾವೇರಿ ಜಿಲ್ಲೆಯ ವಾಚಕರೊಬ್ಬರು, ನಿವೃತ್ತ ಶಿಕ್ಷಕರು, ತಮ್ಮ ಮಗಳ ಸ್ವವಿವರ ಪತ್ರವನ್ನೂ ಆಕೆ ಅರ್ಜಿ ಹಾಕಬೇಕೆಂದಿರುವ ಎರಡು ಹುದ್ದೆಗಳ ಪ್ರಕಟಣೆಗಳನ್ನೂ ಈ ಅಂಕಣಕ್ಕೆ ಕಳುಹಿಸಿದ್ದಾರೆ. ಮಗಳು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಮೂರು ವರ್ಷ ನಾಲ್ಕು ತಿಂಗಳಿನಿಂದ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಾಳೆ. ಇದುವರೆಗೆ ಒಂಬತ್ತು ಕಡೆ ಅರ್ಜಿ ಹಾಕಿದರೂ ಒಂದು ಕಡೆಯಿಂದಲೂ ಸಂದರ್ಶನದ ಕರೆ ಬಂದಿಲ್ಲ. ಈ ನಡುವೆ ಕನ್ಸಲ್ಟೆನ್ಸಿಯವರೊಬ್ಬರು, ಬೇರೆ ಕಂಪನಿಯ ಹೆಸರಿನಲ್ಲಿ ಎರಡು ವರ್ಷದ ಆಟೊಮೇಷನ್ ಅನುಭವದ ಪತ್ರವನ್ನು ಹಣ ತೆಗೆದುಕೊಂಡು ಮಾಡಿಸಿಕೊಡುವುದಾಗಿ ಹೇಳಿದ್ದಾರಂತೆ. "ಎಲ್ಲರೂ ಹಾಗೆಯೇ ಮಾಡುತ್ತಾರೆಂದು ಹೇಳುತ್ತಾರೆ, ನಮಗೆ ಏನೂ ತಿಳಿಯುತ್ತಿಲ್ಲ, ತಾವು ಒಮ್ಮೆ ನೋಡಿ ಹೇಳಬೇಕು" ಎಂದು ಆ ಹಿರಿಯರು ಬರೆದಿದ್ದಾರೆ. ಟೆಸ್ಟರುಗಳ ಸ್ವವಿವರ ಪತ್ರಗಳನ್ನು ನೋಡಿ ಆರಿಸುವುದು ಅನೇಕ ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ತಂದೆ ಮಗಳಿಬ್ಬರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಆ ಪತ್ರವನ್ನು ಇಲ್ಲಿ ವಿವೇಚಿಸುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ.

ಮೊದಲು ಪ್ರಕಟಣೆಯನ್ನು ನೋಡೋಣ. ಅದು ಕೇಳುವುದು ಮೂರರಿಂದ ಐದು ವರ್ಷ ಅನುಭವವುಳ್ಳ ಟೆಸ್ಟರನ್ನು. ಕೆಲಸದಲ್ಲಿ ನೂರಕ್ಕೆ ಅರವತ್ತು ಪಾಲು ಮ್ಯಾನ್ಯುಯಲ್ ಟೆಸ್ಟಿಂಗ್, ನಲವತ್ತು ಪಾಲು ಆಟೊಮೇಷನ್ ಸ್ಕ್ರಿಪ್ಟಿಂಗ್ ಎಂದು ಸ್ಪಷ್ಟವಾಗಿ ಹೇಳಿದೆ. ಮ್ಯಾನ್ಯುಯಲ್ ಎಂದರೆ ಮನುಷ್ಯನೇ ಕುಳಿತು, ಸಾಫ್ಟ್‌ವೇರನ್ನು ಬಳಕೆದಾರನಂತೆ ಬಳಸಿ, ಎಲ್ಲಿ ತಪ್ಪುತ್ತದೆಂದು ಹುಡುಕುವುದು. ಆಟೊಮೇಷನ್ ಎಂದರೆ ಅದೇ ಪರೀಕ್ಷೆಯನ್ನು ಯಂತ್ರವೇ ಮಾಡುವಂತೆ ಸಣ್ಣ ಪ್ರೋಗ್ರಾಮ್ ಬರೆದಿಡುವುದು. ಆ ಪ್ರೋಗ್ರಾಮಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಸ್ಕ್ರಿಪ್ಟ್ ತಾನಾಗಿ ಬ್ರೌಸರನ್ನು ತೆರೆಯುತ್ತದೆ, ಬಟನ್ ಒತ್ತುತ್ತದೆ, ಬಂದ ಉತ್ತರ ಸರಿಯೇ ಎಂದು ಹೋಲಿಸಿ ನೋಡುತ್ತದೆ. ಇದಕ್ಕೆ ಬಹಳ ಕಡೆ ಬಳಸುವ ಸಾಧನ ಸೆಲೆನಿಯಮ್. 2004ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಹುಟ್ಟಿದ ಈ ಸಾಧನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ನಮ್ಮ ಪ್ರಕಟಣೆಯೂ ಅದನ್ನೇ ಕೇಳಿದೆ. ಜೊತೆಗೆ ಜಾವಾ ಭಾಷೆ, ಎಸ್‌ಕ್ಯೂಎಲ್, ಎಪಿಐ ಪರೀಕ್ಷೆ.

ಇಷ್ಟನ್ನು ಎಲ್ಲರೂ ಓದುತ್ತಾರೆ. ಆದರೆ ಪ್ರಕಟಣೆಯ ನಿಜವಾದ ಕೀಲಿ ಒಂದು ಸಣ್ಣ ವಾಕ್ಯದಲ್ಲಿದೆ: "ಈಗಿರುವ ಸ್ಕ್ರಿಪ್ಟ್‌ಗಳನ್ನು ನಿರ್ವಹಿಸಿ, ವಿಸ್ತರಿಸಬೇಕು." ಅಂದರೆ ಆ ಕಂಪನಿಯಲ್ಲಿ ಸ್ಕ್ರಿಪ್ಟ್‌ಗಳ ವ್ಯವಸ್ಥೆ ಆಗಲೇ ಇದೆ. ಅದನ್ನು ಕಟ್ಟುವವರು ಬೇಕಾಗಿಲ್ಲ. ಕಟ್ಟಿದ ಮನೆಯನ್ನು ಸುಸ್ಥಿತಿಯಲ್ಲಿಟ್ಟು ಕೋಣೆಗಳನ್ನು ಸೇರಿಸುವವರು ಬೇಕು. ಇಂಥ ಹುದ್ದೆಗೆ ಪತ್ರ ನೋಡುವವನು ಅಭ್ಯರ್ಥಿ ದೊಡ್ಡ ಪ್ರೋಗ್ರಾಮರೇ ಎಂದು ಹುಡುಕುವುದಿಲ್ಲ. ಯಾವುದನ್ನು ಪರೀಕ್ಷಿಸಬೇಕೆಂದು ಕೈಯಿಂದ ಕಂಡುಕೊಂಡು, ಅದರಲ್ಲಿ ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂದು ತೀರ್ಮಾನಿಸಬಲ್ಲ ಮನುಷ್ಯ ಈತನೇ ಅಥವಾ ಈಕೆಯೇ ಎಂದು ಹುಡುಕುತ್ತಾನೆ. ಎರಡೂ ಕೆಲಸ ಒಬ್ಬರಿಗೇ ಕೊಡುವ ಉದ್ದೇಶವೇ ಅದು. ಕೇವಲ ಸ್ಕ್ರಿಪ್ಟ್ ಬೇಕಿದ್ದರೆ ಅದಕ್ಕೆಂದೇ ಬೇರೊಬ್ಬರನ್ನು ತೆಗೆದುಕೊಳ್ಳುತ್ತಿದ್ದರು.

ಈಗ ಸ್ವವಿವರ ಪತ್ರ. ನಾಲ್ಕು ಪುಟ. ಮೊದಲ ಪುಟದಲ್ಲಿ ಧ್ಯೇಯವಾಕ್ಯ, ಅನಂತರ ಸಾಧನಗಳ ದೊಡ್ಡ ಪಟ್ಟಿ: ಸೆಲೆನಿಯಮ್, ಆಪಿಯಮ್, ಜೆಂಕಿನ್ಸ್, ಟೆಸ್ಟ್‌ಎನ್‌ಜಿ, ಪೋಸ್ಟ್‌ಮನ್, ಜೆಮೀಟರ್, ಜಿರಾ, ಇನ್ನೂ ಆರೇಳು. ಮೂರು ವರ್ಷದ ನೌಕರಿಯ ವಿಷಯ ಬರುವುದು ಎರಡನೆಯ ಪುಟದ ಕೆಳಭಾಗದಲ್ಲಿ. ಅಲ್ಲಿರುವ ವಾಕ್ಯಗಳು ಹೀಗಿವೆ: "ಫಂಕ್ಷನಲ್, ರಿಗ್ರೆಶನ್, ಸ್ಮೋಕ್, ಸ್ಯಾನಿಟಿ ಪರೀಕ್ಷೆಗಳಲ್ಲಿ ತೊಡಗಿಸಿಕೊಂಡಿದ್ದೇನೆ. ದೋಷಗಳನ್ನು ಜಿರಾದಲ್ಲಿ ದಾಖಲಿಸಿದ್ದೇನೆ. ಸೆಲೆನಿಯಮ್‌ನಲ್ಲಿ ಉತ್ತಮ ಜ್ಞಾನವಿದೆ. ಆಟೊಮೇಷನ್ ಮೂಲಕ ರಿಗ್ರೆಶನ್ ಸಮಯದಲ್ಲಿ ಶೇ 80 ಉಳಿತಾಯ ಮಾಡಿದ್ದೇನೆ."

ಇಂಥ ಪತ್ರವನ್ನು ನಾನು ಹೇಗೆ ನೋಡುತ್ತೇನೆಂದು ಹೇಳುತ್ತೇನೆ. ಸಾಧನಗಳ ಪಟ್ಟಿಯನ್ನು ಮೊದಲಿಗೆ ಬಿಟ್ಟುಬಿಡುತ್ತೇನೆ. ಪಟ್ಟಿಯಲ್ಲಿ ಹೆಸರು ಸೇರಿಸಲು ಯಾರಿಗೂ ಏನೂ ಖರ್ಚಿಲ್ಲ. ನೇರವಾಗಿ ನೌಕರಿಯ ಭಾಗಕ್ಕೆ ಹೋಗಿ, ಪಟ್ಟಿಯಲ್ಲಿದ್ದ ಪ್ರತಿಯೊಂದು ಹೆಸರಿಗೂ ಅಲ್ಲಿ ಒಂದು ಕೆಲಸದ ಸಾಕ್ಷಿ ಸಿಗುತ್ತದೆಯೇ ಎಂದು ನೋಡುತ್ತೇನೆ. ಸಾಕ್ಷಿ ಸಿಕ್ಕದ ಹೆಸರನ್ನು ಮನಸ್ಸಿನಲ್ಲಿಯೇ ಹೊಡೆದುಹಾಕುತ್ತೇನೆ. ಈ ಪತ್ರದಲ್ಲಿ ಹಾಗೆ ಮಾಡಿದರೆ ಉಳಿಯುವುದು ಜಿರಾ ಒಂದೇ. "ಉತ್ತಮ ಜ್ಞಾನವಿದೆ" ಎಂಬ ಮಾತು ಓದುವವನ ಕಿವಿಗೆ "ಮಾಡಿಲ್ಲ, ಓದಿದ್ದೇನೆ" ಎಂದೇ ಕೇಳಿಸುತ್ತದೆ. "ತೊಡಗಿಸಿಕೊಂಡಿದ್ದೇನೆ" ಎಂಬುದರಿಂದ ಆಕೆ ತಾನು ಯೋಚಿಸಿ ಪರೀಕ್ಷೆ ರೂಪಿಸಿದಳೇ, ಬೇರೆಯವರು ಬರೆದುಕೊಟ್ಟ ಹಂತಗಳನ್ನು ಒಂದೊಂದಾಗಿ ಒತ್ತಿ ನೋಡಿದಳೇ ಎಂಬುದು ತಿಳಿಯುವುದಿಲ್ಲ. ಉಳಿದದ್ದು ಶೇ 80. ಯಾವುದರಲ್ಲಿ ಎಂಬತ್ತು? ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ಈಗೆಷ್ಟು? ಮೂಲ ಅಂಕಿ ಇಲ್ಲದ ಶೇಕಡಾವಾರು ನೋಡಿದಾಗ ನನಗೆ ಅನುಮಾನವೇ ಹೆಚ್ಚಾಗುತ್ತದೆ. ಒಟ್ಟಿನಲ್ಲಿ, ಈ ಪತ್ರ ನನ್ನ ಮೇಜಿಗೆ ಬಂದಿದ್ದರೆ ನಾನೂ ಬದಿಗಿಡುತ್ತಿದ್ದೆ. ಆ ಒಂಬತ್ತು ಕಂಪನಿಯವರನ್ನು ದೂಷಿಸಲು ಕಾರಣವಿಲ್ಲ.

ಆದರೆ ಇಲ್ಲಿ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಹೆಣ್ಣುಮಗಳೊಡನೆ ದೂರವಾಣಿಯಲ್ಲಿ ಒಂದು ಗಂಟೆ ಮಾತನಾಡಿದೆ. ಆಕೆ ಹೇಳಿದ್ದರಲ್ಲಿ ಮುಖ್ಯವಾದ ಒಂದೂ ಆ ನಾಲ್ಕು ಪುಟಗಳಲ್ಲಿ ಇರಲಿಲ್ಲ.

ಆಕೆಯ ಕಂಪನಿ ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಪಿಗ್ಮಿ ಠೇವಣಿ ನಮ್ಮ ಎಲ್ಲ ಊರುಗಳಿಗೂ ಗೊತ್ತಿರುವುದೇ. ಪಿಗ್ಮಿ ಏಜೆಂಟರು ಅಂಗಡಿಯಿಂದ ಅಂಗಡಿಗೆ ಹೋಗಿ ನೂರು, ಇನ್ನೂರು ಕಟ್ಟಿಸಿಕೊಳ್ಳುತ್ತಾರೆ. ಹಿಂದೆ ಕಾರ್ಡಿನಲ್ಲಿ ಬರೆಯುತ್ತಿದ್ದುದನ್ನು ಈಗ ಮೊಬೈಲಿನಲ್ಲಿ ದಾಖಲಿಸುತ್ತಾರೆ. ಸಂತೆಯ ದಿನ ಸಿಗ್ನಲ್ ಇಲ್ಲದ ಕಡೆ ಏನಾಗುತ್ತದೆ? ಮೊಬೈಲು ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಬಂದೊಡನೆ ಸಂಘದ ಸರ್ವರಿಗೆ ಕಳುಹಿಸುತ್ತದೆ. ಆಕೆಗೆ ಕೊಟ್ಟಿದ್ದ ಪರೀಕ್ಷೆಗಳ ಪಟ್ಟಿಯಲ್ಲಿ ಎರಡು ಸ್ಥಿತಿಗಳಿದ್ದವು: ಸಿಗ್ನಲ್ ಇದ್ದಾಗ ಕಳುಹಿಸುವುದು, ಇಲ್ಲದಿದ್ದಾಗ ಉಳಿಸಿಕೊಳ್ಳುವುದು. ಎರಡೂ ಸರಿಯಾಗಿಯೇ ನಡೆಯುತ್ತಿದ್ದವು. ಆಕೆ ಮೂರನೆಯದೊಂದನ್ನು ತಾನಾಗಿ ಯೋಚಿಸಿದಳು. ಕಳುಹಿಸುತ್ತಿರುವಾಗಲೇ ಸಿಗ್ನಲ್ ಹೋದರೆ? ಮೊಬೈಲು ಕಳುಹಿಸಲು ಆರಂಭಿಸಿದ ಕ್ಷಣದಲ್ಲಿ ಏರೋಪ್ಲೇನ್ ಮೋಡ್ ಒತ್ತಿ, ಸ್ವಲ್ಪ ಹೊತ್ತಿನ ನಂತರ ತೆಗೆದು, ಹತ್ತಿಪ್ಪತ್ತು ಬಾರಿ ಪ್ರಯತ್ನಿಸಿದಳು. ಅವುಗಳಲ್ಲಿ ಮೂರು ಬಾರಿ ಖಾತೆಗೆ ನೂರರ ಬದಲು ಇನ್ನೂರು ರೂಪಾಯಿ ಜಮೆಯಾಯಿತು.

ಕಾರಣವೇನೆಂದರೆ, ಲೆಕ್ಕ ಸರ್ವರಿಗೆ ತಲುಪಿತ್ತು, ಸರ್ವರು ದಾಖಲಿಸಿಯೂ ಇತ್ತು; ಆದರೆ "ತಲುಪಿತು" ಎಂಬ ಮರುಸಂದೇಶ ಮೊಬೈಲಿಗೆ ಬರುವ ಮೊದಲೇ ಸಂಪರ್ಕ ಕಡಿದಿತ್ತು. ಮೊಬೈಲು ತಲುಪಿಲ್ಲವೆಂದು ತಿಳಿದು ಮತ್ತೆ ಕಳುಹಿಸಿತು. ಸರ್ವರು ಅದನ್ನು ಹೊಸ ಪಾವತಿಯೆಂದು ಭಾವಿಸಿತು. ಸಂಜೆ ಸಂಘಕ್ಕೆ ಬಂದ ಏಜೆಂಟರ ಕೈಯಲ್ಲಿ ನೂರು ರೂಪಾಯಿ ಕಡಿಮೆ! ಅದನ್ನು ಅವರು ತಮ್ಮ ಜೇಬಿನಿಂದ ತುಂಬಬೇಕು, ಮೇಲೆ ಅಪವಾದವನ್ನೂ ಹೊರಬೇಕು. ಆಕೆ ಇದನ್ನು ಕಂಡುಹಿಡಿದು, ಯಾವ ಯಾವ ಹಂತದಲ್ಲಿ ಏನು ಮಾಡಿದರೆ ದೋಷ ಮರುಕಳಿಸುತ್ತದೆಂದು ಬರೆದುಕೊಟ್ಟಳು. ಪ್ರೋಗ್ರಾಮರುಗಳು ಪ್ರತಿ ಪಾವತಿಗೂ ಮೊಬೈಲಿನಲ್ಲಿಯೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟುವಂತೆ ಮಾಡಿ, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸರ್ವರು ಮತ್ತೆ ಜಮೆ ಮಾಡದಂತೆ ಸರಿಪಡಿಸಿದರು.

ಇದು ಕೈಯಿಂದ ಮಾಡಿದ ಪರೀಕ್ಷೆಯ ಫಲ. ಇಂಥ ದೋಷವನ್ನು ಸ್ಕ್ರಿಪ್ಟ್ ತಾನಾಗಿ ಹುಡುಕಿಕೊಡುತ್ತಿರಲಿಲ್ಲ. ಸ್ಕ್ರಿಪ್ಟ್ ಹೇಳಿದ್ದನ್ನಷ್ಟೇ ನೋಡುತ್ತದೆ. ನನ್ನ ಗಮನ ಸೆಳೆದದ್ದು ಅನಂತರ ಆಕೆ ಮಾಡಿದ ಕೆಲಸ. ಮುಂದೆ ಯಾರೋ ಆ ಭಾಗವನ್ನು ಬದಲಿಸುವಾಗ ದೋಷ ಮರಳಿ ಬಾರದಿರಲೆಂದು, ಪೋಸ್ಟ್‌ಮನ್ ಎಂಬ ಸಾಧನದಲ್ಲಿ ಒಂದು ಸಣ್ಣ ಪರೀಕ್ಷೆ ಬರೆದಿಟ್ಟಳು. ಅದು ಮೊಬೈಲಿನ ಪರದೆಯನ್ನು ಮುಟ್ಟುವುದೇ ಇಲ್ಲ. ಒಂದೇ ಸಂಖ್ಯೆಯ ಪಾವತಿಯನ್ನು ಸರ್ವರಿಗೆ ನೇರವಾಗಿ ಎರಡು ಬಾರಿ ಕಳುಹಿಸಿ, ಖಾತೆಯ ಮೊತ್ತ ನೂರೇ ಹೆಚ್ಚಿದೆಯೇ ಎಂದು ನೋಡುತ್ತದೆ. ಏರೋಪ್ಲೇನ್ ಮೋಡನ್ನು ಪ್ರತಿ ಬಾರಿ ಸರಿಯಾದ ಕ್ಷಣಕ್ಕೆ ಒತ್ತುವುದು ಮನುಷ್ಯನಿಗೂ ಕಷ್ಟ, ಸ್ಕ್ರಿಪ್ಟಿಗೂ ಕಷ್ಟ. ಆದರೆ ಅದರ ಪರಿಣಾಮವಾದ "ಎರಡು ಬಾರಿ ಬಂದ ಒಂದೇ ಪಾವತಿ"ಯನ್ನು ಯಂತ್ರದಿಂದ ಪರೀಕ್ಷಿಸುವುದು ಸುಲಭ. ಈ ವಿವೇಚನೆಯನ್ನೇ ಆ ಪ್ರಕಟಣೆಯವರು ಅರವತ್ತು-ನಲವತ್ತು ಎಂಬ ಅಂಕಿಗಳಲ್ಲಿ ಕೇಳುತ್ತಿರುವುದು. ಇಡೀ ಪತ್ರದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ! ಕೇಳಿದರೆ, "ಅದು ನನ್ನ ದಿನನಿತ್ಯದ ಕೆಲಸ ಸರ್, ಅದನ್ನೇನು ಬರೆಯುವುದು ಅಂದುಕೊಂಡೆ" ಎಂದಳು.

ಶೇ 80ರ ವಿಷಯವನ್ನೂ ಬಿಡಿಸಿ ಕೇಳಿದೆ. ಪ್ರತಿ ಬಿಡುಗಡೆಗೆ ಮುನ್ನ ಹಳೆಯದೆಲ್ಲ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಗಳು, ಅಂದರೆ ರಿಗ್ರೆಶನ್, ಅವರಲ್ಲಿ ಒಟ್ಟು 64. ಹಿಂದೆ ಇಬ್ಬರು ಮೂರು ದಿನ ಕುಳಿತು ಮಾಡುತ್ತಿದ್ದರು. ಅಂದರೆ ಆರು ಆಳು-ದಿನ. ಕಳೆದ ಎಂಟು ತಿಂಗಳಲ್ಲಿ ಆಕೆ 38ಕ್ಕೆ ಸೆಲೆನಿಯಮ್ ಸ್ಕ್ರಿಪ್ಟ್ ಬರೆದಿದ್ದಾಳೆ. ಅವು ರಾತ್ರಿ ತಾವಾಗಿ ಓಡುತ್ತವೆ. ಉಳಿದ 26 ಈಗಲೂ ಕೈಯಿಂದಲೇ. ಅದಕ್ಕೆ ಎರಡೂವರೆ ದಿನ. ಬೆಳಿಗ್ಗೆ ಬಂದು ರಾತ್ರಿಯ ಫಲಿತಾಂಶ ಓದಿ, ನಿಜವಾದ ದೋಷ ಯಾವುದು, ಸ್ಕ್ರಿಪ್ಟಿನ ತಪ್ಪು ಯಾವುದು ಎಂದು ಬೇರ್ಪಡಿಸಲು ಅರ್ಧ ದಿನ. ಪರದೆ ಬದಲಾದಾಗ ಸ್ಕ್ರಿಪ್ಟ್‌ಗಳನ್ನು ತಿದ್ದಲು ಪ್ರತಿ ಬಿಡುಗಡೆಗೆ ಸುಮಾರು ಒಂದು ದಿನ. ಒಟ್ಟು ನಾಲ್ಕು. ಆರರಿಂದ ನಾಲ್ಕಕ್ಕೆ ಇಳಿಯಿತೆಂದರೆ ಉಳಿತಾಯ ಮೂರನೆಯ ಒಂದು ಪಾಲು. ಎಂಬತ್ತು ಎಲ್ಲಿಂದ ಬಂತೆಂದರೆ, ಸ್ನೇಹಿತೆಯೊಬ್ಬಳ ಪತ್ರದಿಂದ ಬಂದಿತ್ತು.

ಮೂರನೆಯ ಒಂದು ಪಾಲು ಎಂಬುದು ಸಣ್ಣ ಸಂಖ್ಯೆಯಂತೆ ಕಂಡರೂ, ಓದುವವನಿಗೆ ಅದು ಎಂಬತ್ತಕ್ಕಿಂತ ಬೆಲೆಯುಳ್ಳದ್ದು. ತಿದ್ದುಪಡಿಗೆ ಹಿಡಿಯುವ ದಿನವನ್ನು ಲೆಕ್ಕದಲ್ಲಿ ಹಿಡಿದವರು ಸ್ಕ್ರಿಪ್ಟ್‌ಗಳನ್ನು ನಿಜವಾಗಿ ಸಾಕಿದವರು ಎಂಬುದು ಅದರಿಂದಲೇ ತಿಳಿಯುತ್ತದೆ. ಐನೂರು ಪರೀಕ್ಷೆಗಳನ್ನು ಆಟೊಮೇಟ್ ಮಾಡಿದ್ದೇನೆ ಎಂದು ಬರೆಯುವವರನ್ನೂ ನೋಡಿದ್ದೇನೆ. ವಿಚಾರಿಸಿದರೆ, ಒಂದೇ ಸ್ಕ್ರಿಪ್ಟನ್ನು ಐನೂರು ಸಾಲಿನ ಪಟ್ಟಿಯೊಂದಿಗೆ ಓಡಿಸಿ ಐನೂರೆಂದು ಎಣಿಸಿರುತ್ತಾರೆ.

ಆಮೇಲೆ, 26ನ್ನು ಏಕೆ ಬಿಟ್ಟೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾನು ಎಲ್ಲ ಅಭ್ಯರ್ಥಿಗಳಿಗೂ ಕೇಳುತ್ತೇನೆ. ಬಹಳ ಜನ "ಸಮಯ ಸಿಗಲಿಲ್ಲ" ಎನ್ನುತ್ತಾರೆ. ಆಕೆ ಕಾರಣ ಕೊಟ್ಟಳು. ಪಾಸ್‌ಬುಕ್ ಮುದ್ರಣದಲ್ಲಿ ಸಾಲು ಗೆರೆಯ ಮೇಲೆ ಸರಿಯಾಗಿ ಬೀಳುತ್ತದೆಯೇ ಎಂಬುದನ್ನು ಕಾಗದ ನೋಡಿಯೇ ತಿಳಿಯಬೇಕು. ಸೆಲೆನಿಯಮ್ ಬ್ರೌಸರಿನಾಚೆಗೆ ನೋಡಲಾರದು. ಒತ್ತಕ್ಷರಗಳು ಕೂಡಿಕೊಂಡು ಸರಿಯಾಗಿ ಕಾಣುತ್ತವೆಯೇ ಎಂಬುದಕ್ಕೂ ಕನ್ನಡ ಬಲ್ಲ ಕಣ್ಣೇ ಬೇಕು. ಹೆಬ್ಬೆಟ್ಟಿನ ಯಂತ್ರದ ಪರೀಕ್ಷೆ, ಮೊಬೈಲಿಗೆ ಬರುವ ಒಟಿಪಿ, ಇವನ್ನೂ ಬಿಟ್ಟಿದ್ದಳು. ವರ್ಷಕ್ಕೊಮ್ಮೆ ಮಾರ್ಚ್ 31ರಂದು ಮಾತ್ರ ನಡೆಯುವ ಬಡ್ಡಿ ಜಮೆಯನ್ನು ಸ್ಕ್ರಿಪ್ಟ್ ಮಾಡಲು ಹತ್ತು ದಿನ ಹಿಡಿಯುತ್ತಿತ್ತು, ಕೈಯಿಂದ ಮಾಡಿದರೆ ಅರ್ಧ ದಿನ ಸಾಕೆಂದಳು. ಈ ಉತ್ತರ ಕೇಳಿದ ಮೇಲೆ ಸಂದರ್ಶನಕ್ಕೆ ಕರೆಯಬೇಕಾದ ಅಭ್ಯರ್ಥಿ ಎಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ.

ಸ್ಕ್ರಿಪ್ಟ್ ಬರೆದಿದ್ದೇನೆ ಎನ್ನುವವರು ನಿಜವಾಗಿ ಬರೆದಿದ್ದಾರೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಯಾವುದೇ ತಪ್ಪಿಲ್ಲದಿದ್ದರೂ ಒಂದು ದಿನ ಪಾಸಾಗಿ ಮರುದಿನ ಫೇಲಾಗುವ ಸ್ಕ್ರಿಪ್ಟನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಸಾಕು. ಹೆಚ್ಚಿನ ಸಲ ಅದಕ್ಕೆ ಕಾರಣ ಸಮಯ. ಪಾವತಿಯ ಬಟನ್ ಒತ್ತಿದ ಮೇಲೆ ರಸೀದಿ ಸಂಖ್ಯೆ ಪರದೆಯ ಮೇಲೆ ಬರಲು ಒಂದು ದಿನ ಎರಡು ಸೆಕೆಂಡು, ಇನ್ನೊಂದು ದಿನ ಏಳು ಸೆಕೆಂಡು ಹಿಡಿಯುತ್ತದೆ. ಹೊಸಬರು ಹೀಗೆ ಬರೆಯುತ್ತಾರೆ:

```java
Thread.sleep(5000);
```

ಇದು ಸ್ಕ್ರಿಪ್ಟಿಗೆ ಐದು ಸೆಕೆಂಡು ಸುಮ್ಮನೆ ನಿಲ್ಲೆಂದು ಹೇಳುತ್ತದೆ. ರಸೀದಿ ಎರಡು ಸೆಕೆಂಡಿಗೆ ಬಂದರೆ ಮೂರು ಸೆಕೆಂಡು ವ್ಯರ್ಥ. ಏಳಕ್ಕೆ ಬಂದರೆ ಫೇಲು. ಒಂದೊಂದು ಸ್ಕ್ರಿಪ್ಟಿನಲ್ಲಿ ಇಂಥ ಆರು ಸಾಲುಗಳಿದ್ದರೆ 38 ಸ್ಕ್ರಿಪ್ಟ್‌ಗಳಲ್ಲಿ ಹತ್ತೊಂಬತ್ತು ನಿಮಿಷ ಕೇವಲ ನಿಲ್ಲುವುದರಲ್ಲೇ ಹೋಗುತ್ತದೆ. ಅನುಭವಸ್ಥರು ಬರೆಯುವುದು ಹೀಗೆ:

```java
new WebDriverWait(driver, Duration.ofSeconds(15))
    .until(ExpectedConditions.visibilityOfElementLocated(By.id("receiptNo")));
```

ಅಂದರೆ, ರಸೀದಿ ಸಂಖ್ಯೆ ಕಾಣುವವರೆಗೆ ಕಾಯಿ, ಕಂಡೊಡನೆ ಮುಂದುವರಿ, ಹದಿನೈದು ಸೆಕೆಂಡಾದರೂ ಬಾರದಿದ್ದರೆ ಮಾತ್ರ ಫೇಲೆಂದು ಹೇಳು. ಆಕೆಯ ಸ್ಕ್ರಿಪ್ಟ್‌ಗಳಲ್ಲಿ ಮೊದಮೊದಲು ರಾತ್ರಿಗೆ ಐದಾರು ಹೀಗೆ ಸುಳ್ಳು ಫೇಲಾಗುತ್ತಿದ್ದವಂತೆ. ಕಾರಣ ಹುಡುಕಿ, ನಿಲ್ಲುವ ಸಾಲುಗಳನ್ನೆಲ್ಲ ಕಾಯುವ ಸಾಲುಗಳಾಗಿ ಬದಲಿಸಿದ ಮೇಲೆ ವಾರಕ್ಕೊಂದಕ್ಕೆ ಇಳಿಯಿತು. ಇದನ್ನೂ ಪತ್ರದಲ್ಲಿ ಬರೆದಿರಲಿಲ್ಲ.

ಆಕೆಯ ಕೊರತೆಗಳೂ ಇವೆ. ಲಾಗಿನ್ ಬಟನ್ನಿನ ವಿಳಾಸವನ್ನು 38 ಸ್ಕ್ರಿಪ್ಟ್‌ಗಳಲ್ಲಿಯೂ ಪ್ರತ್ಯೇಕವಾಗಿ ಬರೆದಿದ್ದಾಳೆ. ಪ್ರೋಗ್ರಾಮರು ಆ ಬಟನ್ನಿನ ಗುರುತನ್ನು ಬದಲಿಸಿದರೆ 38 ಕಡೆ ತಿದ್ದಬೇಕು. ಪ್ರತಿ ಪರದೆಯ ವಿಳಾಸಗಳನ್ನು ಒಂದೇ ಕಡೆ ಇಟ್ಟು, ಸ್ಕ್ರಿಪ್ಟ್‌ಗಳೆಲ್ಲ ಅಲ್ಲಿಂದ ತೆಗೆದುಕೊಳ್ಳುವ ಪದ್ಧತಿಗೆ ಪೇಜ್ ಆಬ್ಜೆಕ್ಟ್ ಎನ್ನುತ್ತಾರೆ. ಹಾಗಿದ್ದರೆ ಒಂದೇ ಕಡೆ ತಿದ್ದಿದರೆ ಸಾಕಾಗುತ್ತಿತ್ತು, ಪ್ರತಿ ಬಿಡುಗಡೆಯ ಆ ಒಂದು ದಿನದ ತಿದ್ದುಪಡಿಯೂ ಕಡಿಮೆಯಾಗುತ್ತಿತ್ತು. ಈಗಿರುವ ಸ್ಕ್ರಿಪ್ಟ್‌ಗಳನ್ನು ನಿರ್ವಹಿಸಬೇಕು ಎನ್ನುವ ಹುದ್ದೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಇದನ್ನು ಅವಳು ಸಂದರ್ಶನಕ್ಕೆ ಮೊದಲು ಕಲಿಯಬಹುದು. ಕಂಪನಿಯ ಸ್ಕ್ರಿಪ್ಟನ್ನು ಹೊರಗೆ ತೋರಿಸುವುದು ಸರಿಯಲ್ಲ. ಗ್ರಾಹಕ ಸಂಘಗಳ ಹೆಸರನ್ನೂ ಪತ್ರದಲ್ಲಿ ಹಾಕಬಾರದು. ಅಭ್ಯಾಸಕ್ಕೆಂದೇ saucedemo.com ಎಂಬ ನಕಲಿ ಅಂಗಡಿಯ ಜಾಲತಾಣವಿದೆ. ಅದರಲ್ಲಿ ಬೇಕೆಂದೇ ನಿಧಾನಗೊಳಿಸಿದ ಒಂದು ಬಳಕೆದಾರ ಖಾತೆಯೂ ಇದೆ; ಕಾಯುವ ಸಾಲು ಸರಿಯಾಗಿದೆಯೇ ಎಂದು ನೋಡಲು ಅದು ಬಹಳ ಉಪಯುಕ್ತ. ಅದಕ್ಕೆ ಎಂಟು ಹತ್ತು ಸ್ಕ್ರಿಪ್ಟ್‌ಗಳನ್ನು ಪೇಜ್ ಆಬ್ಜೆಕ್ಟ್ ಪದ್ಧತಿಯಲ್ಲಿ ಬರೆದು ಗಿಟ್‌ಹಬ್‌ನಲ್ಲಿಟ್ಟು, ಅದರ ವಿಳಾಸವನ್ನು ಪತ್ರದ ಮೇಲ್ಭಾಗದಲ್ಲಿ ಕೊಡಲಿ. ಓದುವವನು ಎರಡು ನಿಮಿಷದಲ್ಲಿ ಅವಳ ಕೈಬರಹ ನೋಡಿಬಿಡುತ್ತಾನೆ.

ಇನ್ನು ಕನ್ಸಲ್ಟೆನ್ಸಿಯವರ ವಿಷಯ. ಹಿರಿಯರಿಗೆ ನನ್ನ ಉತ್ತರ ಬೇಡ ಎಂಬುದೇ. ಅದಕ್ಕೆ ಕಾಯಕನಿಷ್ಠೆಯ ಕಾರಣ ನಮ್ಮ ಮನೆಗಳಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ವ್ಯವಹಾರದ ಕಾರಣವನ್ನು ಹೇಳುತ್ತೇನೆ. ಭವಿಷ್ಯ ನಿಧಿಗೆ ಸೇರಿದ ಪ್ರತಿ ನೌಕರನಿಗೂ 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ ಇದೆ. ಯಾವ ಸಂಸ್ಥೆಯಲ್ಲಿ ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು ಎಂಬುದು ಅದರಡಿಯಲ್ಲಿ ಕಾಣುತ್ತದೆ. ನೇಮಕಕ್ಕೆ ಮೊದಲೋ ನೇಮಕವಾದ ಮೇಲೋ ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನು ಕೇಳುತ್ತಾರೆ. ಕನ್ಸಲ್ಟೆನ್ಸಿಯವರು ಕೊಡುವ ಎರಡು ವರ್ಷಗಳು ಅಲ್ಲಿ ಇರುವುದಿಲ್ಲ. ಸಿಕ್ಕಿಬಿದ್ದರೆ ಹೊಸ ಕೆಲಸ ಹೋಗುತ್ತದೆ, ಹಳೆಯದನ್ನು ಅಷ್ಟರಲ್ಲಿ ಬಿಟ್ಟಾಗಿರುತ್ತದೆ. ಪರಿಶೀಲನೆ ತಪ್ಪಿದರೂ ಇನ್ನೊಂದು ತೊಡಕಿದೆ. ಐದು ವರ್ಷದ ಅನುಭವ ಎಂದು ಬರೆದವಳಿಗೆ ಐದು ವರ್ಷದವರ ಪ್ರಶ್ನೆಗಳನ್ನೇ ಕೇಳುತ್ತಾರೆ. ಅಲ್ಲಿ ಪೇಜ್ ಆಬ್ಜೆಕ್ಟ್ ತಿಳಿಯದೆ ಇರುವುದು ಕ್ಷಮಿಸಬಹುದಾದ ಕೊರತೆಯಾಗಿ ಉಳಿಯುವುದಿಲ್ಲ. ಎಂಟು ತಿಂಗಳಿನವಳೆಂದು ಹೇಳಿಕೊಂಡರೆ ಅದೇ ಕೊರತೆ ಸಹಜವಾಗಿ ಕಾಣುತ್ತದೆ.

ಪತ್ರವನ್ನು ನಾವು ಹೀಗೆ ತಿದ್ದಿದೆವು. ನಾಲ್ಕು ಪುಟ ಒಂದೂವರೆಗೆ ಇಳಿಯಿತು. ಧ್ಯೇಯವಾಕ್ಯ ಹೋಯಿತು. ಆಪಿಯಮ್, ಜೆಮೀಟರ್ ಹೋದವು. ಅವನ್ನು ಆಕೆ ತರಬೇತಿಯಲ್ಲಿ ನೋಡಿದ್ದಳು, ಅಷ್ಟೆ. ಜೆಂಕಿನ್ಸನ್ನು ನಡೆಸುವವರು ಬೇರೊಬ್ಬರಾದ್ದರಿಂದ "ರಾತ್ರಿಯ ಜೆಂಕಿನ್ಸ್ ಫಲಿತಾಂಶಗಳನ್ನು ಓದಿ ವಿಂಗಡಿಸುತ್ತೇನೆ" ಎಂದಾಯಿತು. ನೌಕರಿಯ ಭಾಗದ ಮೊದಲ ಸಾಲುಗಳು ಈಗ ಹೀಗಿವೆ:

"ಸಹಕಾರ ಸಂಘಗಳ ಠೇವಣಿ ಸಾಫ್ಟ್‌ವೇರಿನ ಪಿಗ್ಮಿ ಮತ್ತು ಸಾಲ ವಿಭಾಗಗಳಿಗೆ ಪರೀಕ್ಷೆಗಳನ್ನು ರೂಪಿಸಿ, ಮೂರು ವರ್ಷಗಳಿಂದ ಕೈಯಿಂದ ಪರೀಕ್ಷಿಸುತ್ತಿದ್ದೇನೆ. ಸಂಪರ್ಕ ಕಡಿದಾಗ ಒಂದು ಪಾವತಿ ಎರಡು ಬಾರಿ ಜಮೆಯಾಗುತ್ತಿದ್ದ ದೋಷವನ್ನು ಕಂಡುಹಿಡಿದೆ. ಸರಿಪಡಿಸಿದ ಮೇಲೆ ಅದು ಮರುಕಳಿಸದಂತೆ ಪೋಸ್ಟ್‌ಮನ್‌ನಲ್ಲಿ ಎಪಿಐ ಪರೀಕ್ಷೆ ಬರೆದೆ. ಕಳೆದ 8 ತಿಂಗಳಲ್ಲಿ 64 ರಿಗ್ರೆಶನ್ ಪರೀಕ್ಷೆಗಳ ಪೈಕಿ 38ಕ್ಕೆ ಸೆಲೆನಿಯಮ್ ಮತ್ತು ಜಾವಾದಲ್ಲಿ ಸ್ಕ್ರಿಪ್ಟ್ ಬರೆದು ನಿರ್ವಹಿಸುತ್ತಿದ್ದೇನೆ. ಮುದ್ರಣ, ಬಯೊಮೆಟ್ರಿಕ್ ಮೊದಲಾದ 26ನ್ನು ಕೈಯಿಂದ ಮಾಡುವುದೇ ಸೂಕ್ತವೆಂದು ಉಳಿಸಿದ್ದೇನೆ. ಪ್ರತಿ ಬಿಡುಗಡೆಯ ರಿಗ್ರೆಶನ್ 6 ಆಳು-ದಿನಗಳಿಂದ, ಸ್ಕ್ರಿಪ್ಟ್ ತಿದ್ದುಪಡಿಯನ್ನೂ ಸೇರಿಸಿ, 4ಕ್ಕೆ ಇಳಿದಿದೆ."

ಅರ್ಜಿಯ ಜೊತೆ ಹೋಗುವ ಪತ್ರ ಇಂಗ್ಲಿಷಿನಲ್ಲಿಯೇ ಇರಬೇಕು. ವಾಚಕರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಇದರ ಒಂದೊಂದು ಸಾಲಿನ ಮೇಲೂ ಸಂದರ್ಶನದಲ್ಲಿ ಹತ್ತು ನಿಮಿಷ ಮಾತನಾಡಲು ಆಕೆಗೆ ಸಾಮಗ್ರಿಯಿದೆ. ಪರದೆಯನ್ನು ಹಂಚಿಕೊಂಡು ಅಲ್ಲಿಯೇ ಅರ್ಧ ಗಂಟೆಯಲ್ಲಿ ಒಂದು ಸ್ಕ್ರಿಪ್ಟ್ ಬರೆಯಿರಿ ಎಂದು ಕೇಳುವ ರೂಢಿಯೂ ಇದೆ. ಅದಕ್ಕೆ ಅಭ್ಯಾಸವಿರಬೇಕು, ಪತ್ರ ಎಷ್ಟು ಚೆನ್ನಾಗಿದ್ದರೂ ಆ ಅರ್ಧ ಗಂಟೆಯನ್ನು ಅದು ದಾಟಿಸಲಾರದು.

ಹಿರಿಯರು ಕಳುಹಿಸಿದ ಎರಡನೆಯ ಪ್ರಕಟಣೆಯ ಬಗ್ಗೆಯೂ ಒಂದು ಮಾತು. ಅದೂ ಮ್ಯಾನ್ಯುಯಲ್ ಮತ್ತು ಆಟೊಮೇಷನ್ ಎರಡನ್ನೂ ಕೇಳುತ್ತದೆ, ಸಂಬಳವನ್ನೂ ಹೆಚ್ಚಾಗಿ ಸೂಚಿಸಿದೆ. ಆದರೆ ಅದರ ಕೆಳಭಾಗದಲ್ಲಿ "ಆಟೊಮೇಷನ್ ವ್ಯವಸ್ಥೆಯನ್ನು ಮೊದಲಿನಿಂದ ರೂಪಿಸಿ ಕಟ್ಟಬೇಕು, ಇಬ್ಬರು ಕಿರಿಯರಿಗೆ ಮಾರ್ಗದರ್ಶನ ಮಾಡಬೇಕು" ಎಂದಿದೆ. ಅಲ್ಲಿ ಕಟ್ಟಿದ ಮನೆ ಇಲ್ಲ, ಬರೀ ನಿವೇಶನವಿದೆ. ಎಂಟು ತಿಂಗಳ ಅನುಭವದವಳನ್ನು ಒಂಟಿಯಾಗಿ ಅಲ್ಲಿ ನಿಲ್ಲಿಸಿದರೆ ಆರು ತಿಂಗಳಲ್ಲಿ ಆಕೆಗೂ ಕಷ್ಟ, ಕಂಪನಿಗೂ ಕಷ್ಟ. ಮೊದಲನೆಯದಕ್ಕೆ ತಿದ್ದಿದ ಪತ್ರವನ್ನು ಈ ವಾರವೇ ಕಳುಹಿಸಲಿ. ಈ ಎರಡನೆಯದಕ್ಕೆ ಸದ್ಯಕ್ಕೆ ಅರ್ಜಿ ಹಾಕುವುದು ಬೇಡ.